ಹಾಸ್ಟೆಲಿಂದ ಅವ್ವನಿಗೆ ಮೊದಲ ತಿಂಗಳ ಕಾಗದ: ಸುಳ್ಳು ಬೆರೆಸದೆ, ಗಾಬರಿಯನ್ನೂ ಮಾಡದೆ ಬರೆಯುವ ಬಗೆ

ಹಾಸ್ಟೆಲ್ ಸೇರಿದ ಮೊದಲ ತಿಂಗಳಲ್ಲಿ ಹುಡುಗರು ಮನೆಗೆ ಬರೆಯುವ ಕಾಗದ ಹೆಚ್ಚಾಗಿ ಎರಡೇ ಬಗೆಯದು. ಒಂದು, ಹೈಸ್ಕೂಲಿನಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ ಪತ್ರಲೇಖನ. "ಮಾತೃಶ್ರೀಯವರಿಗೆ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮದ ಬಗ್ಗೆ ಪತ್ರ ಬರೆಯಿರಿ. ಹಾಸ್ಟೆಲ್ ಚೆನ್ನಾಗಿದೆ, ಊಟ ಚೆನ್ನಾಗಿದೆ, ಚೆನ್ನಾಗಿ ಓದುತ್ತಿದ್ದೇನೆ." ಇದನ್ನು ಓದಿದ ಯಾವ ತಾಯಿಗೂ ಸಮಾಧಾನ ಆಗುವುದಿಲ್ಲ. ಎಲ್ಲವೂ ಚೆನ್ನಾಗಿದ್ದರೆ ಮಗ ಇಷ್ಟು ಕಡಿಮೆ ಯಾಕೆ ಬರೆದ ಎಂದು ಅವಳು ಹುಡುಕತೊಡಗುತ್ತಾಳೆ. ಇನ್ನೊಂದು, ರಾತ್ರಿ ಲೈಟ್ ಆರಿಸಿದ ಮೇಲೆ ಮೊಬೈಲ್ ಬೆಳಕಲ್ಲಿ ಗೀಚಿದ್ದು. "ಅವ್ವ, ನನಗೆ ಇಲ್ಲಿ ಆಗ್ತಾ ಇಲ್ಲ. ಬಂದು ಕರ್ಕೊಂಡು ಹೋಗು." ಇದು ಬರೆದ ಹೊತ್ತಿಗೆ ನಿಜ. ಆದರೆ ಕಾಗದ ಊರು ಮುಟ್ಟುವ ಹೊತ್ತಿಗೆ ಹುಡುಗ ಗೆಳೆಯರ ಜೊತೆ ವಾಲಿಬಾಲ್ ಆಡುತ್ತಿರುತ್ತಾನೆ, ಅವ್ವ ಮಾತ್ರ ಬಸ್ಸಿನ ದುಡ್ಡು ಹೊಂದಿಸುತ್ತಿರುತ್ತಾಳೆ.

ಎರಡೂ ಕಾಗದಗಳಲ್ಲಿ ಉಪಯೋಗಕ್ಕೆ ಬರುವ ಸರಕು ಇದೆ. ಅವನ್ನು ಎದುರಿಗಿಟ್ಟುಕೊಂಡು ಮೂರನೆಯದನ್ನು ಬರೆಯುವುದು ಹೇಗೆ ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಹುಡುಗ ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿಯವನು ಎಂದಿಟ್ಟುಕೊಳ್ಳಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಹಾಸನದಲ್ಲಿ ಪ್ರಥಮ ಪಿಯುಸಿ ವಿಜ್ಞಾನ. ಜೂನ್ 12ಕ್ಕೆ ಟ್ರಂಕು ಹೊತ್ತು ಬೇಲೂರು ಮೇಲೆ ಬಸ್ಸಲ್ಲಿ ಬಂದ. ಊರಲ್ಲಿ ಅಪ್ಪ, ಅವ್ವ, ಅಜ್ಜಿ, ಎಂಟನೇ ಕ್ಲಾಸಿನ ತಂಗಿ. ಎರಡೆಕರೆ ಕಾಫಿ, ಸ್ವಲ್ಪ ಗದ್ದೆ. ಮನೆಯಲ್ಲಿ ಫೋನಿದೆ, ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಸಿಗ್ನಲ್ ಸಿಕ್ಕ ಎರಡು ನಿಮಿಷದಲ್ಲಿ "ಊಟ ಆಯ್ತಾ?" "ಆಯ್ತು" ದಾಟಿ ಮಾತು ಮುಂದೆ ಹೋಗುವುದಿಲ್ಲ. ಈ ಒಂದು ತಿಂಗಳಲ್ಲಿ ಅವನಿಗೆ ಮೂರು ದಿನ ಜ್ವರ ಬಂದಿದೆ, ಫಿಸಿಕ್ಸ್ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಎಂಟು ಬಂದಿದೆ, ಮೊದಲ ವಾರ ರಾತ್ರಿ ಅತ್ತಿದ್ದಾನೆ, ಇನ್ನೂರು ರೂಪಾಯಿ ಕಳೆದುಹೋಗಿದೆ. ಅವ್ವನಿಗೆ ಇದರಲ್ಲಿ ಒಂದೂ ಗೊತ್ತಿಲ್ಲ.

ಮೊದಲು ಕಳಿಸದ ಕಾಗದ ಬರೆಯಿರಿ

ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದುಬಿಡಿ. ಕಾಗುಣಿತ ನೋಡಬೇಡಿ, ಯಾರಿಗೆ ಏನನ್ನಿಸೀತು ಎಂದು ಯೋಚಿಸಬೇಡಿ. ನಮ್ಮ ಹುಡುಗ ಬರೆದದ್ದು ಹೀಗಿದೆ:

"ಇಲ್ಲಿ ಯಾರೂ ಸರಿ ಇಲ್ಲ. ಊಟ ಗಂಟಲಲ್ಲಿ ಇಳಿಯಲ್ಲ. ಜ್ವರ ಬಂದಾಗ ಸತ್ತೇ ಹೋಗ್ತೀನಿ ಅನ್ನಿಸ್ತು. ಕ್ಲಾಸಲ್ಲಿ ಏನ್ ಹೇಳ್ತಾರೋ ಒಂದೂ ಅರ್ಥ ಆಗಲ್ಲ. ಎಂಟು ಮಾರ್ಕ್ಸ್. ಅಪ್ಪಂಗೆ ಹೇಳಬೇಡ. ದುಡ್ಡು ಯಾರೋ ಕದ್ದರು. ದಿನಾ ಅಳು ಬರುತ್ತೆ."

ಈ ಹಾಳೆಯನ್ನು ಒಂದು ರಾತ್ರಿ ಹಾಗೇ ಬಿಟ್ಟು, ಮಾರನೇ ದಿನ ಬೆಳಕಿನಲ್ಲಿ ಪೆನ್ಸಿಲ್ ಹಿಡಿದು ಓದಿ. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಇದು ಮುಗಿದ ವಿಷಯವೋ, ಇನ್ನೂ ನಡೆಯುತ್ತಿರುವ ವಿಷಯವೋ? ಜ್ವರ ಮುಗಿದದ್ದು. ದುಡ್ಡು ಹೋದದ್ದೂ ಮುಗಿದದ್ದೇ. ಕ್ಲಾಸು ಅರ್ಥವಾಗದಿರುವುದು ನಡೆಯುತ್ತಿರುವುದು. ಅಳು, ನಿಜ ಹೇಳಬೇಕೆಂದರೆ, "ದಿನಾ" ಬರುತ್ತಿಲ್ಲ. ಮೊದಲ ವಾರ ದಿನಾ ಬಂದಿತ್ತು, ಈಗ ಭಾನುವಾರ ಸಂಜೆ ಮಾತ್ರ. "ಯಾರೂ ಸರಿ ಇಲ್ಲ" ಎಂಬುದಂತೂ ಸುಳ್ಳು. ಜ್ವರದ ದಿನ ಪಕ್ಕದ ಹಾಸಿಗೆಯ ಅರಕಲಗೂಡಿನ ಹುಡುಗನೇ ಗಂಜಿ ತಂದುಕೊಟ್ಟಿದ್ದು.

ಸುಳ್ಳು ಅಂದರೆ ಮುಚ್ಚಿಡುವುದು ಅಂತಲೇ ನಾವು ತಿಳಿದಿರುತ್ತೇವೆ. ರಾತ್ರಿಯ ಹಾಳೆಯಲ್ಲಿ "ದಿನಾ", "ಯಾರೂ", "ಒಂದೂ" ಎಂಬ ಮಾತುಗಳ ರೂಪದಲ್ಲಿ ಸುಳ್ಳು ನುಸುಳಿರುತ್ತದೆ. ಅವುಗಳ ಕೆಳಗೆ ಗೆರೆ ಎಳೆದು, ಎಷ್ಟು ಸಲ, ಯಾವಾಗ, ಯಾರು ಎಂದು ಪಕ್ಕದಲ್ಲಿ ಬರೆಯಿರಿ. ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ, ಅದಕ್ಕಾಗಿ ಒಂದು ಸುಳ್ಳನ್ನೂ ಸೇರಿಸಬೇಕಾಗಿಲ್ಲ.

ಮುಗಿದ ವಿಷಯವನ್ನು ಹೇಳುವ ಕ್ರಮ

ಜ್ವರದಿಂದಲೇ ಶುರು ಮಾಡೋಣ. ಅವ್ವನಿಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದೇ, ಚೆನ್ನಾಗಿ ಬರೆದರೆ ಅತಿ ಹೆಚ್ಚು ಧೈರ್ಯ ಕೊಡುವುದೂ ಇದೇ. ಹುಡುಗರು ಇದನ್ನು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: "ಅವ್ವ, ಒಂದು ವಿಷಯ ಹೇಳ್ತೀನಿ, ಗಾಬರಿ ಆಗಬೇಡ. ನನಗೆ ಸ್ವಲ್ಪ ಜ್ವರ ಬಂದಿತ್ತು. ಈಗ ಪರವಾಗಿಲ್ಲ."

ಇಲ್ಲಿ ಮೂರು ಎಡವಟ್ಟುಗಳಿವೆ. "ಗಾಬರಿ ಆಗಬೇಡ" ಎಂದು ಓದಿದ ಕ್ಷಣವೇ ಎದೆ ಧಸಕ್ಕೆನ್ನುತ್ತದೆ, ಮುಂದಿನ ಸಾಲನ್ನು ಅವಳು ನಡುಗುತ್ತಲೇ ಓದುತ್ತಾಳೆ. ಆ ಮಾತನ್ನು ಕಾಗದದಲ್ಲಿ ಎಲ್ಲೂ ಬರೆಯಬೇಡಿ. ಎರಡನೆಯದು "ಸ್ವಲ್ಪ". ಮಗ ಸ್ವಲ್ಪ ಎಂದರೆ ಬಹಳ ಎಂದೇ ತಾಯಂದಿರ ಲೆಕ್ಕ. ಮೂರನೆಯದು "ಪರವಾಗಿಲ್ಲ". ಇದು ಪೂರ್ತಿ ವಾಸಿಯಾದವನ ಮಾತಲ್ಲ, ಇನ್ನೂ ಏನೋ ಉಳಿದಿದೆ ಎಂಬ ಧ್ವನಿ ಅದರಲ್ಲಿದೆ.

ಬದಲಿಗೆ ನಾಲ್ಕು ವಿಷಯಗಳನ್ನು ಇದೇ ಸರದಿಯಲ್ಲಿ ಕೊಡಿ: ಯಾವತ್ತು ಶುರುವಾಗಿ ಯಾವತ್ತು ಬಿಟ್ಟಿತು, ನಾನು ಏನು ಮಾಡಿದೆ, ಜೊತೆಗೆ ಯಾರಿದ್ದರು, ಈಗ ಹೇಗಿದ್ದೇನೆ ಎನ್ನುವುದಕ್ಕೆ ಕಣ್ಣಿಗೆ ಕಾಣುವ ಒಂದು ಗುರುತು. ಹೀಗೆ:

"ಜೂನ್ 30 ಸೋಮವಾರ ಜ್ವರ ಬಂತು, ಬುಧವಾರ ರಾತ್ರಿ ಬಿಡ್ತು. ಮಂಗಳವಾರ ಬೆಳಿಗ್ಗೆ ವಾರ್ಡನ್ ಸರ್‌ಗೆ ಹೇಳಿದೆ, ಅವರೇ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದ್ರು. ಅರಕಲಗೂಡಿನ ಹುಡುಗ ಜೊತೆಗೆ ಬಂದ. ರಕ್ತ ಪರೀಕ್ಷೆ ಮಾಡಿದ್ರು, ಡೆಂಗಿ ಇಲ್ಲ ಅಂತ ಬಂತು. ಮಾತ್ರೆ ಕೊಟ್ರು, ಎರಡು ದಿನ ಗಂಜಿ ಕುಡಿದು ಮಲಗಿದ್ದೆ. ಶನಿವಾರ ಕ್ಲಾಸಿಗೆ ಹೋದೆ. ಈ ವಾರ ಎರಡು ಸಲ ಬಟ್ಟೆ ಒಗೆದೆ, ಸುಸ್ತು ಏನೂ ಇಲ್ಲ."

ಡೆಂಗಿ ಮಾತು ಬೇಕೇ ಎಂದು ಕೇಳಬಹುದು. ಬೇಕು. ಮಳೆಗಾಲದ ಜ್ವರ ಎಂದರೆ ಅವ್ವನ ತಲೆಗೆ ಮೊದಲು ಬರುವುದು ಅದೇ. ಅವಳು ಕೇಳಲಾರದ ಪ್ರಶ್ನೆಗೆ ನೀವಾಗಿ ಉತ್ತರ ಕೊಟ್ಟರೆ ಉಳಿದ ಮಾತನ್ನೂ ನಂಬುತ್ತಾಳೆ. ಪರೀಕ್ಷೆ ಮಾಡಿಸದೆ ಇದ್ದರೆ ಮಾತ್ರ "ಡೆಂಗಿ ಅಲ್ಲ" ಎಂದು ಬರೆಯಬೇಡಿ. "ರಕ್ತ ಪರೀಕ್ಷೆ ಬೇಕಾಗಿಲ್ಲ ಅಂದ್ರು" ಎಂದು ಡಾಕ್ಟರು ಹೇಳಿದ್ದನ್ನೇ ಬರೆಯಿರಿ. ಕೊನೆಯ ಬಟ್ಟೆ ಒಗೆದ ಸಾಲು ಸಣ್ಣದೆನಿಸಿದರೂ ಈ ಪ್ಯಾರಾದ ತೂಕವೆಲ್ಲ ಅದರ ಮೇಲೇ ಇದೆ. "ಚೆನ್ನಾಗಿದ್ದೇನೆ" ಎಂಬುದು ಬರೀ ಮಾತು. ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿರುವ ಮಗ ಅವಳ ಕಣ್ಣಿಗೆ ಕಾಣುತ್ತಾನೆ, ಜ್ವರ ಇದ್ದವನಿಂದ ಆಗದ ಕೆಲಸ ಅದು ಎಂದು ಅವಳಿಗೆ ಗೊತ್ತು.

ದಿನಾಂಕ ಬರೆಯಲು ಇನ್ನೂ ಒಂದು ಕಾರಣ ಉಂಟು. ಕಾಗದ ಹಳ್ಳಿ ಮುಟ್ಟಲು ದಿನಗಳು ಹಿಡಿಯುತ್ತವೆ. "ನಿನ್ನೆ", "ಮೊನ್ನೆ", "ಇವತ್ತು" ಎಂದು ಬರೆದರೆ ಓದುವವಳಿಗೆ ಅವು ಬೇರೆ ದಿನಗಳಾಗುತ್ತವೆ. "ಮೊನ್ನೆ ಜ್ವರ ಬಂದಿತ್ತು" ಎಂದು ಓದಿದ ಅವ್ವ, ಈಗಷ್ಟೇ ಎದ್ದಿದ್ದಾನೆ ಎಂದುಕೊಳ್ಳುತ್ತಾಳೆ.

ಇನ್ನೂರು ರೂಪಾಯಿಯದು ಎರಡು ಸಾಲಿನ ವಿಷಯ. ಯಾರ ಮೇಲೂ ಅನುಮಾನ ಬರೆಯಬೇಡಿ. ಕಳ್ಳ ಯಾರೆಂದು ಗೊತ್ತಿಲ್ಲದ ಮೇಲೆ "ಯಾರೋ ಕದ್ದರು" ಎಂದರೆ ಮಗ ಕಳ್ಳರ ನಡುವೆ ಮಲಗಿದ್ದಾನೆ ಎಂದು ಅವಳಿಗೆ ನಿದ್ದೆ ಬಾರದು. ಹೋದದ್ದೆಷ್ಟು, ಬೀಗ ತಂದದ್ದು, ಈಗ ಕೈಯಲ್ಲಿ ಎಷ್ಟಿದೆ, ಅಷ್ಟು ಸಾಕು.

ಮುಗಿಯದ ವಿಷಯ

ಕಷ್ಟ ಇರುವುದು ಇಲ್ಲಿ. ಮುಗಿದ ಕಷ್ಟಕ್ಕೆ ಕೊನೆಯಲ್ಲಿ ಒಂದು ಒಳ್ಳೆಯ ಸುದ್ದಿ ಇರುತ್ತದೆ, ನಡೆಯುತ್ತಿರುವ ಕಷ್ಟಕ್ಕೆ ಅದಿಲ್ಲ. ಆಗ ಕೈ ತಾನಾಗಿ ಭರವಸೆ ಬರೆಯಲು ಹೋಗುತ್ತದೆ: "ಮುಂದಿನ ಟೆಸ್ಟಲ್ಲಿ ಇಪ್ಪತ್ತು ತೆಗೀತೀನಿ ಅವ್ವ." ಈ ಸಾಲನ್ನು ಅವಳು ನಿಮ್ಮಪ್ಪನಿಗೆ, ಅಜ್ಜಿಗೆ, ತೋಟದ ಕೆಲಸಕ್ಕೆ ಬಂದವರಿಗೆ ಹೇಳಿಕೊಂಡಿರುತ್ತಾಳೆ. ಆಗಸ್ಟಿನಲ್ಲಿ ಹನ್ನೊಂದು ಬಂದರೆ, ನಿಜಕ್ಕೂ ಮೂರು ಅಂಕ ಮೇಲೇರಿದ್ದರೂ, ನೀವು ಮಾತು ತಪ್ಪಿದವರಾಗುತ್ತೀರಿ. ಮುಂದಿನ ಕಾಗದದಲ್ಲಿ ಮುಚ್ಚಿಡುವುದು ಅಲ್ಲಿಂದಲೇ ಶುರು.

ನಡೆಯುತ್ತಿರುವ ಕಷ್ಟಕ್ಕೆ ಫಲದ ಭರವಸೆ ಕೊಡಬೇಡಿ. ಕಾರಣ, ಈಗ ಮಾಡುತ್ತಿರುವ ಕೆಲಸ, ಮತ್ತೆ ತಿಳಿಸುವ ದಿನ, ಈ ಮೂರನ್ನು ಕೊಡಿ. ಕಾರಣ ಮುಖ್ಯ, ಯಾಕೆಂದರೆ "ಎಂಟು ಅಂಕ" ಎಂಬುದನ್ನು ಬರಿದೇ ಬರೆದರೆ ಅವ್ವ ತನಗೆ ತೋಚಿದ ಕಾರಣ ತುಂಬಿಕೊಳ್ಳುತ್ತಾಳೆ: ಸಹವಾಸ ಕೆಟ್ಟಿದೆ, ಮೊಬೈಲ್ ಜಾಸ್ತಿಯಾಗಿದೆ, ಇಲ್ಲವೇ ನನ್ನ ಮಗ ದಡ್ಡ. ನಿಜವಾದ ಕಾರಣ ಬೇರೆ. ಹೈಸ್ಕೂಲಲ್ಲಿ ವೇಗೋತ್ಕರ್ಷ ಎಂದು ಓದಿದ್ದನ್ನೇ ಇಲ್ಲಿ ಆಕ್ಸಲರೇಷನ್ ಎನ್ನುತ್ತಾರೆ, ಲೆಕ್ಚರರ್ ಬಾಯಿಂದ ಆ ಮಾತು ಬಂದು ಹೋದ ಮೇಲೆ ಹುಡುಗನಿಗೆ ಹೊಳೆಯುತ್ತದೆ, ಅಷ್ಟರಲ್ಲಿ ಪಾಠ ಎರಡು ಸಾಲು ಮುಂದೆ ಹೋಗಿರುತ್ತದೆ. ಕನ್ನಡ ಮಾಧ್ಯಮದಿಂದ ವಿಜ್ಞಾನಕ್ಕೆ ಬಂದ ಮಕ್ಕಳಿಗೆ ಮೊದಲ ತಿಂಗಳುಗಳಲ್ಲಿ ಆಗುವುದು ಇದೇ. ಹಾಗೆಂದು ಬರೆದರೆ ಅವ್ವನಿಗೆ ವಿಷಯ ಅಳತೆಗೆ ಸಿಗುತ್ತದೆ.

"ಫಿಸಿಕ್ಸಲ್ಲಿ ಇಪ್ಪತ್ತೈದಕ್ಕೆ ಎಂಟು ಬಂದಿದೆ. ಲೆಕ್ಕ ಗೊತ್ತಿತ್ತು, ಪ್ರಶ್ನೆ ಇಂಗ್ಲಿಷಲ್ಲಿ ಇರೋದ್ರಿಂದ ಏನು ಕೇಳಿದ್ದಾರೆ ಅಂತ ಗೊತ್ತಾಗೋಕೆ ಹೊತ್ತು ಹಿಡೀತು, ಕೊನೇ ಎರಡು ಪ್ರಶ್ನೆ ಬಿಟ್ಟೆ. ನಮ್ಮ ಸೆಕ್ಷನ್ನಲ್ಲಿ ಕನ್ನಡ ಮೀಡಿಯಂನವರಿಗೆಲ್ಲ ಹೆಚ್ಚು ಕಮ್ಮಿ ಹೀಗೇ ಆಗಿದೆ. ಸರ್ ಹತ್ರ ಹೋಗಿ ಕೇಳಿದೆ. ಪಾಠದಲ್ಲಿ ಬರೋ ಇಂಗ್ಲಿಷ್ ಮಾತಿನ ಪಕ್ಕ ಕನ್ನಡದಲ್ಲಿ ಬರ್ಕೊಂಡು ಹಿಂದಿನ ದಿನಾನೇ ಓದ್ಕೊಂಡು ಬಾ ಅಂದ್ರು. ಹಾಗೇ ಮಾಡ್ತಿದ್ದೀನಿ. ಆಗಸ್ಟ್ ಮೊದಲ ವಾರ ಇನ್ನೊಂದು ಟೆಸ್ಟಿದೆ. ಎಷ್ಟೇ ಬಂದರೂ ಹೇಳ್ತೀನಿ."

"ಎಷ್ಟೇ ಬಂದರೂ ಹೇಳ್ತೀನಿ" ಎಂಬ ಮಾತನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ, ಅಂಕ ಎಷ್ಟು ಬೀಳುತ್ತದೆ ಎಂಬುದು ಇಲ್ಲ. ಇನ್ನು "ಅಪ್ಪಂಗೆ ಹೇಳಬೇಡ" ಎಂಬುದನ್ನು ಹೊಡೆದುಹಾಕಿ. ಕಾಗದವನ್ನು ಓದುವುದು ತಂಗಿ, ಜೋರಾಗಿ, ಎಲ್ಲರ ಮುಂದೆ. ಗುಟ್ಟು ಉಳಿಯುವುದಿಲ್ಲ, ಉಳಿದರೆ ಅದರ ಭಾರ ಹೊರುವವಳು ಅವ್ವ. ಅಪ್ಪನ ಕೋಪದ ಭಯವಿದ್ದರೆ ಅಪ್ಪನಿಗೇ ಒಂದು ಸಾಲು ಬರೆಯಿರಿ.

ಅಳುವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಅದನ್ನು ಬರೆಯಬೇಕು. ಮನೆ ನೆನಪೇ ಆಗುತ್ತಿಲ್ಲ ಎನ್ನುವ ಮಗನ ಕಾಗದ ತಾಯಿಗೆ ಸಮಾಧಾನ ಕೊಡುತ್ತದೆ ಎಂದು ಹುಡುಗರು ತಿಳಿಯುತ್ತಾರೆ. ಅವಳಿಗೆ ಅದು ಒಳಗೊಳಗೇ ಚುಚ್ಚುತ್ತದೆ. ಬರೆಯುವಾಗ ಅಳುವಿಗೆ ಒಂದು ಹೊತ್ತು, ಒಂದು ಜಾಗ ಕೊಡಿ. "ಯಾವಾಗಲೂ ನೆನಪಾಗುತ್ತೆ" ಎಂದರೆ ಅದು ದಿನವನ್ನೆಲ್ಲ ಆವರಿಸುತ್ತದೆ. "ಭಾನುವಾರ ಸಂಜೆ ಬಟ್ಟೆ ಮಡಚುವಾಗ ನೆನಪಾಗುತ್ತೆ" ಎಂದರೆ ಉಳಿದ ಹೊತ್ತು ಮಗ ತನ್ನ ಪಾಡಿಗಿದ್ದಾನೆ ಎಂದು ಹೇಳದೆಯೇ ಗೊತ್ತಾಗುತ್ತದೆ. ಮೊದಲ ವಾರಕ್ಕೂ ಈಗಿಗೂ ಇರುವ ವ್ಯತ್ಯಾಸ ಬರೆಯಿರಿ. ಪೂರ್ತಿ ನಿಂತಿಲ್ಲದಿದ್ದರೆ ನಿಂತಿದೆ ಎನ್ನಬೇಡಿ.

ಊಟ, ಮತ್ತೆ ಅವಳಿಗೊಂದು ಕೆಲಸ

ಊಟದ ಬಗ್ಗೆ ತೀರ್ಪು ಬರೆಯಬೇಡಿ, ತಟ್ಟೆಯಲ್ಲಿ ಏನಿತ್ತು ಎಂದು ಬರೆಯಿರಿ. ಮಲೆನಾಡಿನ ಮನೆಯಲ್ಲಿ ಕಡುಬು, ಅಕ್ಕಿ ರೊಟ್ಟಿ ತಿಂದು ಬೆಳೆದವನಿಗೆ ಹಾಸನದಲ್ಲಿ ರಾತ್ರಿ ಮುದ್ದೆ ಸಿಕ್ಕರೆ ಮೊದಲಿಗೆ ಕಷ್ಟವೇ. ಮುದ್ದೆ ನುಂಗಲು ಕಲಿತದ್ದು, ಬಸ್ಸಾರು ಹಿಡಿಸಿದ್ದು, ಬೆಳಗಿನ ಉಪ್ಪಿಟ್ಟು ಹಿಡಿಸದ್ದು, ಇದೇ ಸಾಕು. ಒಂದು ಹಿಡಿಸಿದ್ದು, ಒಂದು ಹಿಡಿಸದ್ದು ಎರಡೂ ಇದ್ದರೆ ಅವಳು ನಂಬುತ್ತಾಳೆ. ಹೊಟ್ಟೆ ತುಂಬುತ್ತಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಬರೆಯಿರಿ, ಅವಳಿಗೆ ಬೇಕಾದದ್ದು ಅದು.

ದೂರದಲ್ಲಿರುವ ತಾಯಿಯನ್ನು ಕಾಡುವುದು ಏನೂ ಮಾಡಲಾಗದ ಸ್ಥಿತಿ. ಒಂದು ಸಣ್ಣ ಕೆಲಸ ಕೇಳಿ, ಆದರೆ ನಿಜವಾಗಿ ನಿಮಗೆ ಬೇಕಾದದ್ದು, ಅವಳಿಂದ ಆಗುವಂಥದ್ದು. ಮಿಡಿ ಉಪ್ಪಿನಕಾಯಿ ಒಳ್ಳೆಯ ಆಯ್ಕೆ. ಕೆಡುವುದಿಲ್ಲ, ಹಿಡಿಸದ ಊಟವನ್ನೂ ಇಳಿಸುತ್ತದೆ, ಊರಿಂದ ಬರುವ ಯಾರ ಕೈಯಲ್ಲಾದರೂ ಕಳಿಸಬಹುದು. ಕಡುಬು, ರೊಟ್ಟಿ ಕೇಳಬೇಡಿ. ನೀವು ಸುಮ್ಮನೆ ಕೇಳಿದ್ದಕ್ಕೆ ಅವಳು ನಸುಕಿನಲ್ಲಿ ಎದ್ದು ಬೇಯಿಸಿ, ಎರಡು ಬಸ್ ಬದಲಿಸಿ ತಾನೇ ಹೊತ್ತು ತಂದಾಳು.

ಹಾಗೇ ಮನೆಯ ವಿಷಯ ಕೇಳಿ. "ಎಲ್ಲರೂ ಹೇಗಿದ್ದೀರಿ" ಎಂಬುದು ಕೇಳಿದಂತಲ್ಲ. ಜುಲೈ ನಡುವೆ ಬರೆಯುತ್ತಿದ್ದರೆ ಪುನರ್ವಸು ಮಳೆ ಹೇಗಿದೆ, ಕಾಫಿ ಕಾಯಿ ಉದುರುತ್ತಿದೆಯೇ, ಗದ್ದೆ ನಾಟಿ ಯಾವಾಗ, ಇವು ಪ್ರಶ್ನೆಗಳು. ಮನೆಯ ಚಿಂತೆ ಮಾಡುವಷ್ಟು ಮಗನ ತಲೆ ನೆಟ್ಟಗಿದೆ ಎಂಬುದು ಈ ಪ್ರಶ್ನೆಗಳಿಂದಲೇ ಅವಳಿಗೆ ಗೊತ್ತಾಗುತ್ತದೆ.

ಜೋಡಿಸುವ ಕ್ರಮ

ಮೊದಲ ಸಾಲಲ್ಲಿ ಕೆಟ್ಟ ಸುದ್ದಿ ಬೇಡ, ಕೊನೆಯ ಸಾಲಲ್ಲೂ ಬೇಡ. ಹಾಗೆಂದು ಎರಡು ಪುಟ ಸುತ್ತಿಬಳಸಿ ಹಿಂದಿನ ಪುಟದ ಮೂಲೆಯಲ್ಲಿ ಜ್ವರ ಸೇರಿಸುವುದು ಇನ್ನೂ ಕೆಟ್ಟದ್ದು. ಇದು ಮುಚ್ಚಿಡಲು ನೋಡಿದ ವಿಷಯ ಎಂದು ಅವಳಿಗೆ ತಟ್ಟನೆ ಗೊತ್ತಾಗುತ್ತದೆ. ಬರೆಯುವ ಹೊತ್ತಿನಲ್ಲಿ ನೀವು ಎಲ್ಲಿ ಕೂತಿದ್ದೀರಿ, ಹೇಗಿದ್ದೀರಿ ಎಂಬ ಎರಡು ಸಾಲಿನಿಂದ ಶುರು ಮಾಡಿ. ಎರಡನೇ ಪ್ಯಾರಾದಲ್ಲೇ ಮುಗಿದ ಕಷ್ಟ. ಅದಾದ ಮೇಲೆ ಊಟ. ಆಮೇಲೆ ನಡೆಯುತ್ತಿರುವ ಕಷ್ಟ, ಮನೆಯ ಪ್ರಶ್ನೆಗಳು, ಕೊನೆಗೆ ಫೋನು ಮಾಡುವ ದಿನ ಮತ್ತು ಊರಿಗೆ ಬರುವ ದಿನ. ಫೋನಿನ ಮಾತು ಕೊಡುವಾಗ ತಪ್ಪಿದರೆ ಏನೆಂಬುದನ್ನೂ ಬರೆಯಿರಿ. "ಪ್ರತಿ ಭಾನುವಾರ ಏಳು ಗಂಟೆಗೆ ಮಾಡ್ತೀನಿ" ಎಂದಷ್ಟೇ ಬರೆದು, ಆ ಭಾನುವಾರ ಊರಲ್ಲಿ ಟವರ್ ಬಿದ್ದಿದ್ದರೆ ಏಳೂವರೆಗೆ ಮನೆಯಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ.

ಭಾಷೆಯ ಬಗ್ಗೆ ಒಂದೇ ಮಾತು. ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೆ ಬರೆಯಿರಿ. "ಅವ್ವ, ನೀನು" ಎಂದು ಕರೆಯುವವನು "ಮಾತೃಶ್ರೀಯವರೇ, ತಾವು" ಎಂದರೆ ಬೇರೆ ಯಾರದೋ ಮಗನ ಕಾಗದ ಬಂದಂತಾಗುತ್ತದೆ.

ಈ ಎಲ್ಲವೂ ಸೇರಿದ ಕಾಗದ ಹೀಗಿದೆ.

> ಹಾಸನ
> ಜುಲೈ 13, ಭಾನುವಾರ
>
> ಅವ್ವ,
>
> ಬೆಳಿಗ್ಗೆ ಹತ್ತು ಗಂಟೆ. ಸ್ನಾನ, ತಿಂಡಿ ಆಯ್ತು. ಬಟ್ಟೆ ಒಣಗೋಕೆ ಹಾಕಿ ವರಾಂಡದಲ್ಲಿ ಕೂತು ಬರೀತಿದ್ದೀನಿ. ಇಲ್ಲಿ ಮಳೆ ನಮ್ಮೂರಿನ ಹಾಗಲ್ಲ, ತುಂತುರು ಬಂದು ಹೋಗುತ್ತೆ, ಬಟ್ಟೆ ಒಂದೇ ದಿನಕ್ಕೆ ಒಣಗುತ್ತೆ. ಫೋನಲ್ಲಿ ಅರ್ಧಂಬರ್ಧ ಆಗುತ್ತೆ ಅಂತ ಎಲ್ಲಾ ವಿಷಯ ಬರೆದು ಕಳಿಸ್ತಿದ್ದೀನಿ.
>
> ಜೂನ್ 30 ಸೋಮವಾರ ಜ್ವರ ಬಂತು, ಬುಧವಾರ ರಾತ್ರಿ ಬಿಡ್ತು. ಮಂಗಳವಾರ ಬೆಳಿಗ್ಗೆನೇ ವಾರ್ಡನ್ ಸರ್‌ಗೆ ಹೇಳಿದೆ, ಅವರು ಆಟೋ ಮಾಡಿ ದೊಡ್ಡಾಸ್ಪತ್ರೆಗೆ ಕಳಿಸಿದ್ರು. ಪಕ್ಕದ ಹಾಸಿಗೆ ಹುಡುಗ, ಅರಕಲಗೂಡಿನವನು, ಕ್ಲಾಸು ಬಿಟ್ಟು ಜೊತೆಗೆ ಬಂದ. ರಕ್ತ ಪರೀಕ್ಷೆ ಮಾಡಿದ್ರು, ಡೆಂಗಿ ಇಲ್ಲ ಅಂತ ಬಂತು. ಎರಡು ದಿನ ಗಂಜಿ ಕುಡಿದು ಮಲಗಿದ್ದೆ, ಶನಿವಾರದಿಂದ ಕ್ಲಾಸಿಗೆ ಹೋಗ್ತಿದ್ದೀನಿ. ಈ ವಾರ ಎರಡು ಸಲ ಬಟ್ಟೆ ಒಗೆದೆ, ಸುಸ್ತು ಏನೂ ಇಲ್ಲ. ಜ್ವರ ಬಂದಾಗ ಆವತ್ತೇ ಫೋನ್ ಮಾಡಿದೆ, ನಿಮ್ಮ ಕಡೆ ಸಿಗ್ನಲ್ ಇರಲಿಲ್ಲ. ಇನ್ನೊಂದ್ಸಲ ಹಾಗಾದ್ರೆ ಪೇಟೆ ಮಾವನ ಅಂಗಡಿಗೆ ಫೋನ್ ಮಾಡಿ ಹೇಳ್ತೀನಿ.
>
> ಬೆಳಿಗ್ಗೆ ಒಂದಿನ ಚಿತ್ರಾನ್ನ, ಒಂದಿನ ಉಪ್ಪಿಟ್ಟು. ಉಪ್ಪಿಟ್ಟು ನಂಗೆ ಸೇರಲ್ಲ, ಆವತ್ತು ಕಮ್ಮಿ ತಿಂತೀನಿ, ಮಧ್ಯಾಹ್ನ ಅನ್ನ ಸಾರು ಎಷ್ಟು ಬೇಕಾದ್ರೂ ಹಾಕ್ತಾರೆ. ರಾತ್ರಿ ಮುದ್ದೆ. ಮೊದಲು ಅಗಿದು ತಿಂತಿದ್ದೆ, ಎಲ್ಲರೂ ನಕ್ಕರು, ಈಗ ನುಂಗೋಕೆ ಬರುತ್ತೆ. ಬಸ್ಸಾರು ಮಾಡಿದ ದಿನ ಎರಡು ಮುದ್ದೆ. ಊರಿಂದ ಯಾರಾದ್ರೂ ಬಂದ್ರೆ ಮಿಡಿ ಉಪ್ಪಿನಕಾಯಿ ಒಂದು ಡಬ್ಬಿ ಕಳಿಸು. ಬೇರೆ ಏನೂ ಬೇಡ.
>
> ಟ್ರಂಕಿಗೆ ಬೀಗ ಹಾಕದೆ ಇನ್ನೂರು ರೂಪಾಯಿ ಹೋಯ್ತು. ಈಗ ಬೀಗ ತಂದಿದ್ದೀನಿ. ಕೈಯಲ್ಲಿ 640 ಇದೆ, ತಿಂಗಳ ಕೊನೆವರೆಗೂ ಸಾಕು.
>
> ಫಿಸಿಕ್ಸ್ ಟೆಸ್ಟಲ್ಲಿ ಇಪ್ಪತ್ತೈದಕ್ಕೆ ಎಂಟು ಬಂದಿದೆ. ಲೆಕ್ಕ ಗೊತ್ತಿತ್ತು, ಇಂಗ್ಲಿಷಲ್ಲಿ ಏನು ಕೇಳಿದ್ದಾರೆ ಅಂತ ತಿಳ್ಕೊಳೋಕೆ ಹೊತ್ತು ಹಿಡಿದು ಕೊನೇ ಎರಡು ಪ್ರಶ್ನೆ ಬಿಟ್ಟೆ. ಕನ್ನಡ ಮೀಡಿಯಂನವರಿಗೆಲ್ಲ ಹೆಚ್ಚು ಕಮ್ಮಿ ಹೀಗೇ ಆಗಿದೆ. ಸರ್ ಹೇಳಿದ ಹಾಗೆ ಮಾರನೇ ದಿನದ ಪಾಠ ಹಿಂದಿನ ರಾತ್ರಿನೇ ಓದಿ, ಗೊತ್ತಿಲ್ಲದ ಮಾತಿನ ಪಕ್ಕ ಕನ್ನಡ ಬರ್ಕೊಂಡು ಹೋಗ್ತೀನಿ. ಕೆಮಿಸ್ಟ್ರಿ ಈಗ ಸ್ವಲ್ಪ ಹಿಡಿತಕ್ಕೆ ಬಂದಿದೆ, ಫಿಸಿಕ್ಸ್ ಇನ್ನೂ ಇಲ್ಲ. ಆಗಸ್ಟ್ ಮೊದಲ ವಾರ ಮತ್ತೆ ಟೆಸ್ಟು. ಎಷ್ಟೇ ಬಂದರೂ ಹೇಳ್ತೀನಿ. ಅಪ್ಪ, ನಿನಗೂ ಸೇರಿಸೇ ಬರೆದಿದ್ದೀನಿ, ಬೈಯೋದಿದ್ರೆ ಟೆಸ್ಟ್ ಆದ್ಮೇಲೆ ಬೈ.
>
> ಮೊದಲ ವಾರ ರಾತ್ರಿ ಲೈಟ್ ಆರಿಸಿದ ಮೇಲೆ ಅಳು ಬರ್ತಿತ್ತು. ನಾನೊಬ್ಬನೇ ಅಲ್ಲ, ರೂಮಲ್ಲಿ ಇನ್ನೂ ಇಬ್ಬರು ಅಳ್ತಿದ್ರು. ಈಗ ದಿನಾ ಇಲ್ಲ. ಭಾನುವಾರ ಸಂಜೆ ಬಟ್ಟೆ ಮಡಚುವಾಗ ಮನೆ ನೆನಪಾಗುತ್ತೆ, ಆಗ ಗ್ರೌಂಡಿಗೆ ಹೋಗ್ತೀನಿ.
>
> ಪುನರ್ವಸು ಮಳೆ ಹೇಗಿದೆ? ಕಾಯಿ ಉದುರ್ತಿದೆಯಾ? ನಾಟಿಗೆ ಆಳು ಸಿಕ್ಕಿದ್ರಾ? ಅಜ್ಜಿ ಮಂಡಿ ನೋವು ಹೇಗಿದೆ? ಪುಟ್ಟಿ, ನನ್ನ ಹಳೇ ಸೈನ್ಸ್ ನೋಟ್ಸ್ ಅಟ್ಟದ ಮೇಲಿದೆ, ಬೇಕಾದ್ರೆ ತಗೋ.
>
> ಭಾನುವಾರ ಸಂಜೆ ಏಳಕ್ಕೆ ಫೋನ್ ಮಾಡ್ತೀನಿ. ಸಿಗಲಿಲ್ಲ ಅಂದ್ರೆ ಸೋಮವಾರ ಅದೇ ಹೊತ್ತಿಗೆ. ಗೌರಿ ಹಬ್ಬದ ಹಿಂದಿನ ದಿನ ಕ್ಲಾಸು ಮುಗಿಸಿ ಬಸ್ ಹತ್ತಿ ರಾತ್ರಿ ಊಟಕ್ಕೆ ಮನೆಗೆ ಬರ್ತೀನಿ.
>
> ನಿನ್ನ ಮಗ

ಇದರಲ್ಲಿ ರಾತ್ರಿಯ ಹಾಳೆಯ ಯಾವ ಕಷ್ಟವೂ ಬಿಟ್ಟುಹೋಗಿಲ್ಲ. "ಸತ್ತೇ ಹೋಗ್ತೀನಿ ಅನ್ನಿಸ್ತು" ಎಂಬುದೊಂದು ಇಲ್ಲ. ಅದು ಜ್ವರದ ತಾಪದಲ್ಲಿ ಬಂದು ಜ್ವರದೊಂದಿಗೇ ಹೋದ ಮಾತು. ಹೋಗದೆ ಉಳಿದಿದ್ದರೆ ಲೆಕ್ಕವೇ ಬೇರೆ, ಅದಕ್ಕೆ ಕೆಳಗೆ ಬರುತ್ತೇನೆ. "ಫಿಸಿಕ್ಸ್ ಇನ್ನೂ ಇಲ್ಲ" ಎಂಬ ಮಾತನ್ನೂ ಗಮನಿಸಿ. ಎಲ್ಲವನ್ನೂ ಸರಿಹೋದಂತೆ ಬರೆಯದೆ ಒಂದನ್ನು ಹಾಗೇ ಬಿಟ್ಟದ್ದರಿಂದ ಕೆಮಿಸ್ಟ್ರಿಯ ಮಾತು ನಂಬಿಕೆಗೆ ಬರುತ್ತದೆ.

ಅಂಟಿಸುವ ಮುಂಚೆ

ಕಾಗದವನ್ನು ಒಮ್ಮೆ ಗಟ್ಟಿಯಾಗಿ ಓದಿ, ತಂಗಿ ಓದುವ ಹಾಗೆ. ಯಾವ ಸಾಲಿನಲ್ಲಿ ಅವ್ವ ತಡೆದು "ಅಂದ್ರೆ?" ಎಂದು ಕೇಳುತ್ತಾಳೋ ಅಲ್ಲಿ ವಿವರ ಕಡಿಮೆಯಾಗಿದೆ. ನಮ್ಮ ಹುಡುಗನ ಮೊದಲ ಪ್ರತಿಯಲ್ಲಿ "ಆವತ್ತೇ ಫೋನ್ ಮಾಡಿದೆ" ಎಂಬ ಸಾಲು ಇರಲಿಲ್ಲ. ಗಟ್ಟಿಯಾಗಿ ಓದಿದಾಗ, ಜ್ವರ ಬಂದಾಗ ನನಗ್ಯಾಕೆ ಹೇಳಲಿಲ್ಲ ಎಂದು ಅವಳು ಕೇಳುವುದು ಕೇಳಿಸಿತು. ನೀವು ಫೋನ್ ಮಾಡಲು ನೋಡಿಯೇ ಇರದಿದ್ದರೆ ಆ ಸಾಲನ್ನು ಸೃಷ್ಟಿಸಬೇಡಿ. "ಬುಧವಾರ ಬಿಟ್ಟ ಮೇಲೆ ಹೇಳೋಣ ಅಂತ ಸುಮ್ಮನಾದೆ, ಇನ್ನೊಂದ್ಸಲ ಅವತ್ತೇ ಹೇಳ್ತೀನಿ" ಎಂದು ಬರೆಯಿರಿ. ಬೈಗುಳ ಸಿಗುತ್ತದೆ, ಪರವಾಗಿಲ್ಲ.

ಕಾಗದಕ್ಕೆ ಕಾಯಬಾರದ ವಿಷಯಗಳು

ಸಮಾಧಾನವಾಗುವಂತೆ ಬರೆಯುವ ಈ ಕ್ರಮ ಕೆಲವು ವಿಷಯಗಳಿಗೆ ಹೊಂದುವುದಿಲ್ಲ, ಹೊಂದಿಸಲೂ ಬಾರದು. ಬಿಡದ ಜ್ವರ, ಸೀನಿಯರ್‌ಗಳ ಹೊಡೆತ ಅಥವಾ ಬೆದರಿಕೆ, ಯಾರಾದರೂ ಮೈಮುಟ್ಟಿ ಕಿರುಕುಳ ಕೊಡುವುದು, ಬದುಕೇ ಬೇಡ ಎಂಬ ಯೋಚನೆ ಮತ್ತೆ ಮತ್ತೆ ಬರುವುದು, ಇವನ್ನು ಅವತ್ತೇ ಹೇಳಬೇಕು, ಬಾಯಿಬಿಟ್ಟು, ಎದುರಿಗಿರುವ ದೊಡ್ಡವರಿಗೆ. ವಾರ್ಡನ್‌ಗೆ ಹೇಳಲಾಗದಿದ್ದರೆ ಲೆಕ್ಚರರ್‌ಗೆ, ಇಬ್ಬರೂ ಬೇಡವಾದರೆ ಫೋನ್ ಎತ್ತಿ. ಹದಿನೆಂಟು ತುಂಬದವರಿಗೆ ಮಕ್ಕಳ ಸಹಾಯವಾಣಿ 1098 ಇದೆ, ಪಿಯುಸಿ ಹುಡುಗರು ಹೆಚ್ಚಿನವರು ಇದರಲ್ಲೇ ಬರುತ್ತಾರೆ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಡಿಗ್ರಿ, ಎಂಜಿನಿಯರಿಂಗ್ ಓದುವವರಿಗೆ ರ‍್ಯಾಗಿಂಗ್ ದೂರಿಗೆ 1800-180-5522. ಮನೆಯವರಿಗೆ ಕಾಗದದಲ್ಲಿ ತಿಳಿಸುವುದು ಇವೆಲ್ಲ ಆದ ಮೇಲೆ. ರಾತ್ರಿಯ ಹಾಳೆಯನ್ನು ಬೆಳಕಿನಲ್ಲಿ ಓದಿದಾಗಲೂ "ದಿನಾ" ಎಂಬುದು ನಿಜವೇ ಆಗಿದ್ದರೆ, ತಿಂಗಳಾದರೂ ಊಟ ನಿದ್ದೆ ಸೇರದೆ ಇದ್ದರೆ, ಅದನ್ನು ತಿದ್ದಿ ನಯಗೊಳಿಸಬೇಡಿ. ಆ ಹಾಳೆಯನ್ನು ಹಾಗೇ ಒಯ್ದು ನಿಮ್ಮ ನಂಬಿಕೆಯ ಮೇಷ್ಟ್ರಿಗೆ ತೋರಿಸಿ.

ಡಬ್ಬಕ್ಕೆ ಹಾಕುವಾಗ

ಮೊಬೈಲಿನ ಕಾಲದಲ್ಲಿ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬಂದರೆ ಏನಾಯಿತೋ ಎಂದು ಅವ್ವ ಹೆದರಬಹುದು. ಹಾಗಾಗಿ ಮೊದಲೇ ಫೋನಿನಲ್ಲಿ "ಕಾಗದ ಹಾಕಿದ್ದೀನಿ, ಸುಮ್ಮನೆ, ಎಲ್ಲಾ ಬರೆದಿದ್ದೀನಿ" ಎಂದು ಹೇಳಿಡಿ. ಇಷ್ಟುದ್ದದ ಕಾಗದ ಇನ್‌ಲ್ಯಾಂಡಿನಲ್ಲಿ ಹಿಡಿಸುವುದಿಲ್ಲ, ಅಂಚೆ ಕಚೇರಿಯ ಸ್ಟ್ಯಾಂಪ್ ಇರುವ ಲಕೋಟೆ ಕೊಳ್ಳಿ, ಹಾಳೆ ಎರಡು ಮೀರದಿರಲಿ. ವಿಳಾಸದಲ್ಲಿ ಅಪ್ಪನ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್ ಎಲ್ಲ ಬೇಕು. ಒಂದೇ ಹೆಸರಿನ ಹಳ್ಳಿಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ, ಊರು ತಾಲ್ಲೂಕು ಬರೆದು ಅಂಚೆಯ ಹೆಸರು ಬಿಟ್ಟರೆ ಕಾಗದ ಸುತ್ತು ಹಾಕಿ ಬರುತ್ತದೆ. ಲಕೋಟೆಯ ಹಿಂದೆ ನಿಮ್ಮ ಹಾಸ್ಟೆಲ್ ವಿಳಾಸದ ಜೊತೆ ರೂಮ್ ನಂಬರನ್ನೂ ಬರೆಯಿರಿ. ತಂಗಿ ಉತ್ತರ ಬರೆಯುವಾಗ ಅದನ್ನೇ ನೋಡಿ ಬರೆಯುತ್ತಾಳೆ, ಇಲ್ಲದಿದ್ದರೆ ಆ ಕಾಗದ ಆಫೀಸಿನ ಮೇಜಿನ ಮೇಲೆ ಧೂಳು ಹಿಡಿಯುತ್ತಾ ಬಿದ್ದಿರುತ್ತದೆ.